ಒಂದೇ ಮನೆ, ನಾಲ್ಕು ಬಗೆ



ಈ ವಾರದ ಅಂಚೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾಳೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು.

ರಂಜಾನ್ ಹಬ್ಬದ ದಿನ ಅವರ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಸುರಕುಂಬಾ ಕುಡಿಯಲು ಅವಳ ಸಹಪಾಠಿಯೂ ಬಂದಿದ್ದಳು. ನಾನಿ ಸೀರೆಯ ಸೆರಗನ್ನೇ ತಲೆಗೆ ಹೊದ್ದು ಕೂತಿದ್ದರು, ಮುಂಗೂದಲು ಕಾಣುತ್ತಿತ್ತು. ಅಮ್ಮಿ ಕೂದಲು ಒಂದೆಳೆಯೂ ಕಾಣದಂತೆ ಸ್ಕಾರ್ಫ್ ಕಟ್ಟಿದ್ದರು. ಖಾಲಾ ಹೊರಗಿನಿಂದ ಬಂದಾಗ ಕಣ್ಣು ಬಿಟ್ಟು ಮುಖವೆಲ್ಲ ಮುಚ್ಚಿಕೊಂಡಿದ್ದರು. ಬೆಂಗಳೂರಿನ ಫುಪ್ಪು ತಲೆಗೆ ಏನೂ ಹಾಕಿರಲಿಲ್ಲ. ನಾಲ್ವರೂ ನಮಾಜು ಮಾಡುವವರೇ, ನಾಲ್ವರೂ ಉಪವಾಸ ಹಿಡಿದವರೇ. ಸಹಪಾಠಿ ಮೆಲ್ಲಗೆ ಕೇಳಿದಳಂತೆ: “ನಿಮ್ಮ ಧರ್ಮದಲ್ಲಿ ಇದರಲ್ಲಿ ಯಾವುದು ಸರಿ?” ಇವಳಿಗೆ ಉತ್ತರ ತೋಚಲಿಲ್ಲ. “ನನಗೂ ಗೊತ್ತಿಲ್ಲ ಆಂಟಿ. ಇನ್ನೆರಡು ವರ್ಷಕ್ಕೆ ನಾನೂ ದೊಡ್ಡವಳಾಗುತ್ತೇನೆ. ಆಗ ನಾನು ಯಾರ ಹಾಗೆ ಇರಬೇಕು?” ಎಂದು ಪತ್ರ ಮುಗಿಸಿದ್ದಾಳೆ.

ಮಗಳೇ, ನಾನೂ ತಲೆಗೆ ಬಟ್ಟೆ ಹಾಕುವವಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ಎಲ್ಲಿ ನಿಂತು ಮಾತಾಡುತ್ತಿದ್ದೇನೆ ಎಂಬುದು ನಿನಗೆ ತಿಳಿದಿರಲಿ. ಆದರೆ ನಿನ್ನ ಮನೆಯ ನಾಲ್ಕು ಬಗೆಯ ಹಿಂದೆಯೂ ಒಂದೊಂದು ಓದು ಇದೆ. ಆ ಓದುಗಳು ಎಲ್ಲಿ ಕವಲೊಡೆದವು ಎಂದು ತಿಳಿದರೆ ನಿನ್ನ ಗೆಳತಿಗೆ ಉತ್ತರ ಕೊಡುವುದು ಕಷ್ಟವಾಗದು.

ಮೊದಲು ಒಂದು ಪದದ ಗೊಂದಲ ಬಿಡಿಸೋಣ. ನಾವೆಲ್ಲ ತಲೆಯ ಬಟ್ಟೆಯನ್ನು ‘ಹಿಜಾಬ್’ ಎನ್ನುತ್ತೇವಲ್ಲ, ಕುರ್‌ಆನ್‌ನಲ್ಲಿ ಆ ಪದಕ್ಕೆ ಆ ಅರ್ಥವಿಲ್ಲ. ಅಲ್ಲಿ ಹಿಜಾಬ್ ಎಂದರೆ ಪರದೆ, ಮರೆ. ಪ್ರವಾದಿಯವರ ಮಡದಿಯರಿಂದ ಏನಾದರೂ ಕೇಳುವುದಿದ್ದರೆ ಪರದೆಯ ಆಚೆಯಿಂದ ಕೇಳಿ ಎಂದು ಮನೆಗೆ ಬರುವ ಗಂಡಸರಿಗೆ ಹೇಳುವ ಕಡೆ ಆ ಪದ ಬರುತ್ತದೆ. ತಲೆಯ ಬಟ್ಟೆಗೆ ಕುರ್‌ಆನ್ ಬಳಸುವ ಪದ ‘ಖಿಮಾರ್’. ಅದು ಬರುವುದು 24ನೆಯ ಅಧ್ಯಾಯದ 31ನೆಯ ವಚನದಲ್ಲಿ.

ಆ ವಚನ ಇಳಿದ ಕಾಲದ ಅರಬ್ ಹೆಂಗಸರು ಖಿಮಾರನ್ನು ಮೊದಲೇ ತೊಡುತ್ತಿದ್ದರು. ಆದರೆ ಅದರ ತುದಿಗಳನ್ನು ಬೆನ್ನ ಹಿಂದಕ್ಕೆ ಇಳಿಬಿಡುತ್ತಿದ್ದರು, ಕೊರಳೂ ಎದೆಯ ಮೇಲ್ಭಾಗವೂ ತೆರೆದೇ ಇರುತ್ತಿತ್ತು ಎಂದು ಹಳೆಯ ವ್ಯಾಖ್ಯಾನಕಾರರು ಬರೆದಿದ್ದಾರೆ. ಬೆನ್ನ ಹಿಂದೆ ಬಿಟ್ಟ ಸೆರಗನ್ನು ಮುಂದಕ್ಕೆ ಎಳೆದು ಹೊದೆಯುವುದನ್ನು ನೀನು ನೋಡಿದ್ದೀಯಲ್ಲ? ವಚನ ಹೇಳುವುದು ಹೆಚ್ಚುಕಡಿಮೆ ಅದನ್ನೇ: ಖಿಮಾರನ್ನು ಅಂಗಿಯ ಕೊರಳಿನ ಮೇಲೆ ಎಳೆದುಕೊಳ್ಳಿ. ಅದರ ಹಿಂದೆಯೇ ಇನ್ನೊಂದು ಮಾತಿದೆ. ಹೆಂಗಸರು ತಮ್ಮ ಅಲಂಕಾರವನ್ನು ಹೊರಗಿನವರಿಗೆ ತೋರಿಸಬಾರದು, ತಾನಾಗಿ ಕಾಣುವಷ್ಟಕ್ಕೆ ಮಾತ್ರ ವಿನಾಯಿತಿ.

ತಾನಾಗಿ ಕಾಣುವುದು ಎಂದರೆ ಏನು? ಅದನ್ನು ವಚನ ಬಿಡಿಸಿ ಹೇಳುವುದಿಲ್ಲ. ನಿನ್ನ ಅಮ್ಮಿಯ ದಾರಿಯೂ ಖಾಲಾ ಅವರ ದಾರಿಯೂ ಬೇರೆಯಾದದ್ದು ಈ ಮಾತಿನ ಹತ್ತಿರವೇ.

ಪ್ರವಾದಿಯವರ ಒಡನಾಡಿಗಳಲ್ಲೇ ಇದಕ್ಕೆ ಎರಡು ಉತ್ತರಗಳಿದ್ದವು. ಇಬ್ನ್ ಮಸ್‌ಊದ್ ಅವರು ಅದು ಮೇಲುಡುಪು ಎಂದರು. ಎಷ್ಟು ಮುಚ್ಚಿಕೊಂಡರೂ ಮೇಲೆ ಹೊದ್ದ ಬಟ್ಟೆಯನ್ನು ಮರೆಮಾಡಲು ಆಗುವುದಿಲ್ಲವಲ್ಲ, ವಿನಾಯಿತಿ ಅಷ್ಟಕ್ಕೇ ಎಂಬುದು ಅವರ ಓದು. ಇಬ್ನ್ ಅಬ್ಬಾಸ್ ಅವರು ಕಣ್ಣಿನ ಸುರ್ಮಾ, ಬೆರಳಿನ ಉಂಗುರ ಎಂದರು. ಸುರ್ಮಾ ಕಾಣಬೇಕಾದರೆ ಕಣ್ಣು ಕಾಣಬೇಕು, ಉಂಗುರ ಕಾಣಬೇಕಾದರೆ ಕೈ ಕಾಣಬೇಕು. ಹಾಗಾಗಿ ಮುಖವೂ ಮುಂಗೈಯೂ ತೆರೆದಿರಬಹುದು ಎಂಬುದು ಅದರ ತಾತ್ಪರ್ಯ. ಅವರು ಮುಖ ಮತ್ತು ಕೈ ಎಂದು ನೇರವಾಗಿಯೇ ಹೇಳಿದ್ದಾಗಿಯೂ ವರದಿಗಳಿವೆ.

ಸುಮಾರು ಇನ್ನೂರೈವತ್ತು ವರ್ಷಗಳ ಬಳಿಕ ಬಾಗ್ದಾದಿನಲ್ಲಿ ತಬರೀ ಎಂಬ ದೊಡ್ಡ ವಿದ್ವಾಂಸರು ಈ ಎರಡನ್ನೂ ಮುಂದಿಟ್ಟುಕೊಂಡು ಕೂತರು. ಅವರು ತೀರ್ಮಾನಕ್ಕೆ ಬಂದ ಬಗೆ ನೋಡು, ಗಣಿತದ ಲೆಕ್ಕ ಬಿಡಿಸಿದ ಹಾಗಿದೆ. ನಮಾಜಿನಲ್ಲಿ ಮುಚ್ಚಲೇಬೇಕಾದ ಅಂಗಗಳನ್ನು ಮುಚ್ಚಬೇಕು, ಇದನ್ನು ಎಲ್ಲರೂ ಒಪ್ಪುತ್ತಾರೆ. ಹೆಂಗಸರು ನಮಾಜಿನಲ್ಲಿ ಮುಖವನ್ನೂ ಮುಂಗೈಯನ್ನೂ ತೆರೆದಿಡಬಹುದು, ಇದನ್ನೂ ಎಲ್ಲರೂ ಒಪ್ಪುತ್ತಾರೆ. ಹಾಗಿದ್ದರೆ ಮುಖ ಮತ್ತು ಮುಂಗೈ ಮುಚ್ಚಲೇಬೇಕಾದ ಪಟ್ಟಿಯಲ್ಲಿ ಇಲ್ಲ ಎಂದಾಯಿತು. ಇಬ್ನ್ ಅಬ್ಬಾಸರ ಮಾತೇ ಹೆಚ್ಚು ಸರಿ ಎಂದು ತಬರೀ ಬರೆದರು. ನಿನ್ನ ಅಮ್ಮಿ ಸ್ಕಾರ್ಫ್ ಕಟ್ಟುವುದು ಈ ಓದಿನ ಪ್ರಕಾರ.

ಹಾಗಂತ ಖಾಲಾ ಅವರ ಕಡೆಯವರು ಸುಮ್ಮನಾಗಲಿಲ್ಲ. ನಮಾಜಿನ ನಿಯಮವೇ ಬೇರೆ, ಬೀದಿಯಲ್ಲಿ ಅಪರಿಚಿತರ ಮುಂದಿನ ನಿಯಮವೇ ಬೇರೆ ಎಂಬುದು ಅವರ ವಾದ. ಈ ಎರಡು ಪಕ್ಷದವರೂ ಎತ್ತಿಕೊಳ್ಳುವ ಒಂದು ಪ್ರಸಂಗವಿದೆ.

ಪ್ರವಾದಿಯವರು ತಮ್ಮ ಕೊನೆಯ ಹಜ್ ಯಾತ್ರೆಯಲ್ಲಿದ್ದರು. ಅವರ ಸವಾರಿಯ ಹಿಂದೆ ಫಜ್ಲ್ ಎಂಬ ತರುಣ ಕೂತಿದ್ದ. ಖಸ್‌ಅಮ್ ಎಂಬ ಕುಲದ ಹೆಣ್ಣುಮಗಳೊಬ್ಬಳು ಬಂದು ಪ್ರವಾದಿಯವರನ್ನು ಒಂದು ಪ್ರಶ್ನೆ ಕೇಳಿದಳು. ತನ್ನ ತಂದೆಗೆ ಬಹಳ ವಯಸ್ಸಾಗಿದೆ, ಸವಾರಿಯ ಮೇಲೆ ಕೂರಲೂ ಆಗದು, ಅವರ ಪರವಾಗಿ ತಾನು ಹಜ್ ಮಾಡಬಹುದೇ ಎಂದು. ಮಾಡಬಹುದು ಎಂದರು ಪ್ರವಾದಿ. ಅವಳು ರೂಪವಂತೆ. ಫಜ್ಲ್ ಅವಳನ್ನೇ ನೋಡುತ್ತಿದ್ದ. ಪ್ರವಾದಿಯವರು ಕೈಯಿಂದ ಅವನ ಮುಖವನ್ನು ಬೇರೆ ಕಡೆಗೆ ತಿರುಗಿಸಿದರು.

ಮುಖ ಮುಚ್ಚುವುದು ಕಡ್ಡಾಯವಾಗಿದ್ದರೆ ಮುಚ್ಚಿಕೋ ಎಂದು ಅವಳಿಗೆ ಹೇಳುತ್ತಿದ್ದರಲ್ಲವೇ, ಹೇಳಲಿಲ್ಲ ಎಂಬುದು ಅಮ್ಮಿಯ ಕಡೆಯವರ ಮಾತು. ಹಜ್ಜಿನ ಇಹ್ರಾಮ್ ಸ್ಥಿತಿಯಲ್ಲಿ ಹೆಂಗಸರು ಮುಖಕ್ಕೆ ನಿಕಾಬ್ ಕಟ್ಟಬಾರದೆಂಬ ನಿಯಮವೇ ಇದೆ, ಅದಕ್ಕೇ ಅವಳ ಮುಖ ತೆರೆದಿತ್ತು, ಹಜ್ಜಿನಲ್ಲಿ ಕಟ್ಟಬೇಡಿ ಎನ್ನಬೇಕಾದರೆ ಉಳಿದ ದಿನ ಕಟ್ಟುವ ರೂಢಿ ಇತ್ತೆಂದೇ ಅರ್ಥ ಎಂಬುದು ಖಾಲಾ ಅವರ ಕಡೆಯವರ ಮಾತು. ಒಂದೇ ಪ್ರಸಂಗ, ಎರಡು ಓದು. ಎರಡೂ ಸುಮ್ಮನೆ ತಳ್ಳಿಹಾಕುವಂಥವಲ್ಲ.

ಈ ಚರ್ಚೆ ಎಷ್ಟು ಪ್ರಾಮಾಣಿಕವಾಗಿ ನಡೆದಿದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹೆಣ್ಣು ಪ್ರಾಯಕ್ಕೆ ಬಂದ ಮೇಲೆ ಮುಖ ಮತ್ತು ಕೈ ಬಿಟ್ಟು ಬೇರೇನೂ ಕಾಣಬಾರದು ಎಂದು ಪ್ರವಾದಿಯವರು ಅಸ್ಮಾ ಅವರಿಗೆ ಹೇಳಿದರೆಂಬ ಹದೀಸ್ ಒಂದಿದೆ. ಅಮ್ಮಿಯ ಪಕ್ಷಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಆದರೆ ಅದನ್ನು ತಮ್ಮ ಸಂಗ್ರಹದಲ್ಲಿ ಸೇರಿಸಿದ ಅಬೂ ದಾವೂದ್ ಅವರೇ ಅದರ ಕೆಳಗೆ ಒಂದು ಟಿಪ್ಪಣಿ ಹಾಕಿದ್ದಾರೆ. ಇದನ್ನು ಆಯಿಶಾ ಅವರಿಂದ ಬಂದದ್ದೆಂದು ಹೇಳಿದ ವ್ಯಕ್ತಿ ಆಯಿಶಾರ ಕಾಲದವರಲ್ಲ, ನಡುವೆ ಒಂದು ಕೊಂಡಿ ತಪ್ಪಿದೆ ಎಂದು. ಹದೀಸ್ ಶಾಸ್ತ್ರದಲ್ಲಿ ಯಾರು ಯಾರಿಂದ ಕೇಳಿದರು ಎಂಬ ಸರಪಳಿ ಮುಖ್ಯ. ಕೊಂಡಿ ತಪ್ಪಿದರೆ ಮಾತಿನ ತೂಕ ಇಳಿಯುತ್ತದೆ. ಸಂಗ್ರಹಿಸಿದವರೇ ಅದನ್ನು ಮುಚ್ಚಿಡದೆ ಬರೆದಿಟ್ಟರು, ಓದಿದವರು ತೂಗಿ ನೋಡಲಿ ಎಂದು.

ಅಲ್ಲಿಂದ ನಮ್ಮ ಕಾಲಕ್ಕೆ ಬರೋಣ. ಸೌದಿ ಅರೇಬಿಯಾದ ಮುಫ್ತಿಯಾಗಿದ್ದ ಇಬ್ನ್ ಬಾಜ್ ಅವರು ಮುಖ ಮುಚ್ಚುವುದು ಕಡ್ಡಾಯ ಎಂದರು. ಡಮಾಸ್ಕಸ್‌ನಲ್ಲಿ ಬೆಳೆದ, ಗಡಿಯಾರ ರಿಪೇರಿಯ ಕಸುಬು ಮಾಡುತ್ತಲೇ ಹದೀಸ್ ಶಾಸ್ತ್ರ ಓದಿದ ಅಲ್ಬಾನಿ ಅವರು, ಕಡ್ಡಾಯವಲ್ಲ, ಮುಚ್ಚಿದರೆ ಒಳ್ಳೆಯದು ಅಷ್ಟೇ ಎಂದು ಪುಸ್ತಕವನ್ನೇ ಬರೆದರು. ಅಬೂ ದಾವೂದ್ ಎತ್ತಿದ ಆಕ್ಷೇಪ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೇರೆ ವರದಿಗಳ ಬೆಂಬಲದಿಂದ ಆ ಹದೀಸ್ ನಿಲ್ಲುತ್ತದೆ ಎಂದು ವಾದಿಸಿದರು. ಇಬ್ಬರೂ ಒಂದೇ ಕಟ್ಟುನಿಟ್ಟಿನ ಪಂಥದವರು, ಇಬ್ಬರೂ ತೀರಿಕೊಂಡದ್ದು 1999ರಲ್ಲಿ. ಈ ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾಗಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಮುಖದ ಮಾತು. ಕೂದಲಿನ ವಿಷಯಕ್ಕೆ ಬಂದರೆ ಹಳೆಯ ವಿದ್ವಾಂಸರಲ್ಲಿ ಇಷ್ಟು ಭಿನ್ನಾಭಿಪ್ರಾಯವಿಲ್ಲ. ಹನಫೀ, ಮಾಲಿಕೀ, ಶಾಫಿಈ, ಹಂಬಲೀ ಎಂಬ ನಾಲ್ಕೂ ಪಂಥಗಳು ಹೊರಗಿನ ಗಂಡಸರ ಮುಂದೆ ಕೂದಲು ಮುಚ್ಚಬೇಕು ಎಂದೇ ಹೇಳುತ್ತವೆ. ನಮ್ಮ ಬಯಲುಸೀಮೆಯ ಮುಸ್ಲಿಮರಲ್ಲಿ ಹೆಚ್ಚಿನವರು ಹನಫೀಗಳು, ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿಈಗಳು. ಈ ಮಾತಿನಲ್ಲಿ ಅವರಿಗೂ ಇವರಿಗೂ ವ್ಯತ್ಯಾಸವಿಲ್ಲ. ಇಂದಿಗೂ ಬಹುಪಾಲು ವಿದ್ವಾಂಸರ ನಿಲುವು ಇದೇ. ಇದನ್ನು ಮರೆಮಾಚಿದರೆ ನಿನಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ.

ಹಾಗಾದರೆ ನಿನ್ನ ಫುಪ್ಪು? ಅವರ ಬಗೆಗೂ ಒಂದು ಓದು ಇದೆ, ಹೊಸದು, ಸಂಖ್ಯೆಯಲ್ಲಿ ಚಿಕ್ಕದು. 1928ರಲ್ಲಿ ಲೆಬನಾನಿನ ನಜೀರಾ ಜೈನುದ್ದೀನ್ ಎಂಬ ಇಪ್ಪತ್ತರ ಹುಡುಗಿ ಪರದೆಯ ಪದ್ಧತಿಯನ್ನು ಪ್ರಶ್ನಿಸಿ ದೊಡ್ಡ ಪುಸ್ತಕ ಬರೆದಳು. ಅದೂ ಕುರ್‌ಆನ್, ಹದೀಸ್‌ಗಳನ್ನೇ ಆಧಾರವಾಗಿಟ್ಟುಕೊಂಡು. ಈಗ ಅಮೆರಿಕದಲ್ಲಿ ಕಾನೂನು ಕಲಿಸುವ ಖಾಲಿದ್ ಅಬೂ ಅಲ್ ಫಜ್ಲ್ ಎಂಬ ಇಸ್ಲಾಮೀ ನ್ಯಾಯಶಾಸ್ತ್ರದ ಪಂಡಿತರು ಹಳೆಯ ಗ್ರಂಥಗಳಿಂದಲೇ ಒಂದು ಪ್ರಶ್ನೆ ಎತ್ತುತ್ತಾರೆ. ಆ ಕಾಲದಲ್ಲಿ ಗುಲಾಮಗಿರಿ ಇತ್ತು. ಹೆಚ್ಚಿನ ನ್ಯಾಯಪಂಡಿತರು ಗುಲಾಮ ಹೆಂಗಸರು ಕೂದಲು ಮುಚ್ಚಬೇಕಿಲ್ಲ ಎಂದಿದ್ದರು. ಕೂದಲಿನಲ್ಲೇ ಮರ್ಯಾದೆ ಇದ್ದಿದ್ದರೆ ಒಬ್ಬಳಿಗೆ ಒಂದು ನಿಯಮ, ಇನ್ನೊಬ್ಬಳಿಗೆ ಇನ್ನೊಂದು ಯಾಕೆ? ಹಾಗಾಗಿ ವಚನದ ಮುಖ್ಯ ಒತ್ತು ಎದೆ ಮುಚ್ಚುವುದರ ಮೇಲೆ, ತಲೆಯ ಬಟ್ಟೆ ಆ ಕಾಲದ, ಆ ನಾಡಿನ ಉಡುಪು ಎಂದು ಈ ಕಡೆಯವರು ಓದುತ್ತಾರೆ. ಬಹುಮತದವರು ಇದನ್ನು ಒಪ್ಪುವುದಿಲ್ಲ. ಗುಲಾಮ ಹೆಂಗಸರಿಗೆ ಇಡೀ ದಿನ ಹೊರಗಿನ ದುಡಿಮೆ, ಆ ಕಷ್ಟಕ್ಕಾಗಿ ವಿನಾಯಿತಿ ಅಷ್ಟೇ. ಖಿಮಾರ್ ಎಂದರೇ ತಲೆಯ ಬಟ್ಟೆ, ಅದನ್ನು ಕೊರಳಿಗೆ ಎಳೆಯಿರಿ ಎಂದರೆ ತಲೆಯಿಂದ ತೆಗೆಯಿರಿ ಎಂದಾಗುವುದಿಲ್ಲ ಎಂಬುದು ಅವರ ಉತ್ತರ.

ನಾನಿಯನ್ನು ಮರೆತಿಲ್ಲ. ಅದೇ 24ನೆಯ ಅಧ್ಯಾಯದ 60ನೆಯ ವಚನ ವಯಸ್ಸಾದ ಹೆಂಗಸರಿಗೆ ಸಡಿಲಿಕೆ ಕೊಡುತ್ತದೆ. ಅಲಂಕಾರ ಮೆರೆಸುವ ಉದ್ದೇಶವಿಲ್ಲದಿದ್ದರೆ ಅವರು ಮೇಲುಹೊದಿಕೆಯನ್ನು ಬಿಡಬಹುದು, ಬಿಡದಿದ್ದರೆ ಇನ್ನೂ ಒಳ್ಳೆಯದು. ಆದರೆ ನಿನ್ನ ನಾನಿ ಆ ವಚನ ನೋಡಿ ಸೆರಗು ಹೊದ್ದವರಲ್ಲ ಎಂದು ನನ್ನ ಊಹೆ. ನಮ್ಮ ಕಡೆ ಹಿರಿಯರ ಮುಂದೆ ತಲೆಯ ಮೇಲೆ ಸೆರಗು ಹೊದೆಯುವುದು ಹಲವು ಜಾತಿ, ಧರ್ಮದ ಮನೆಗಳಲ್ಲಿ ಇದ್ದ ರೂಢಿ. ನಾನಿಯ ಸೆರಗಿನಲ್ಲಿ ಅವರ ದೀನ್ ಎಷ್ಟಿದೆಯೋ ಅವರ ಊರೂ ಅಷ್ಟೇ ಇದೆ.

ಇದರಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಹೆಂಗಸರು ತಲೆಗೆ ಬಟ್ಟೆ ಹಾಕುವುದಕ್ಕೆ ಕಾರಣ ಗ್ರಂಥವೊಂದೇ ಅಲ್ಲ. ‘ದೇವರು ಹೇಳಿದ್ದಾನೆ, ನಮಾಜು ಮಾಡಿದ ಹಾಗೆ ಇದನ್ನೂ ಮಾಡುತ್ತೇನೆ’ ಎನ್ನುವವರೇ ಹೆಚ್ಚು. ನಾನು ಮುಸ್ಲಿಮಳು ಎಂದು ನೋಡಿದವರಿಗೆ ತಿಳಿಯಲಿ ಎಂದು ಹಾಕುವವರಿದ್ದಾರೆ. ಹಾಕದೆ ಹೊರಗೆ ಹೋದರೆ ಚಪ್ಪಲಿ ಮರೆತು ಹೊರಟ ಹಾಗೆ ಅನಿಸುತ್ತದೆ ಎನ್ನುವವರಿದ್ದಾರೆ. ಮನೆಯವರು, ಕೇರಿಯವರು ಏನೆಂದಾರು ಎಂಬ ಹೆದರಿಕೆಯಿಂದ ಹಾಕುವವರೂ ಇದ್ದಾರೆ, ಇಲ್ಲ ಎಂದರೆ ಸುಳ್ಳಾದೀತು. ಲೈಲಾ ಅಹ್ಮದ್ ಎಂಬ ವಿದ್ವಾಂಸೆ ಕೈರೋದಲ್ಲಿ ಬೆಳೆದ ಕಾಲಕ್ಕೆ ಓದಿದ ಹೆಂಗಸರು ತಲೆಬಟ್ಟೆ ಬಿಡುತ್ತಿದ್ದರು. ಮುಂದೆ 1970ರ ದಶಕದಲ್ಲಿ ಅದೇ ಊರಿನ ಕಾಲೇಜು ಹುಡುಗಿಯರು ತಾವಾಗಿ ಮತ್ತೆ ಹಾಕತೊಡಗಿದರು. ಮೊದಲು ಅವರಿಗೆ ಇದು ಸರಿಕಾಣಲಿಲ್ಲ. ಬಳಿಕ ಹಾಕುವವರನ್ನೇ ಅಭ್ಯಾಸ ಮಾಡಿ, ತಮ್ಮ ಮೊದಲಿನ ಎಣಿಕೆಯನ್ನು ತಿದ್ದಿಕೊಂಡದ್ದಾಗಿ 2011ರ ಪುಸ್ತಕದಲ್ಲಿ ಬರೆದರು. ಬಟ್ಟೆ ನೋಡಿ ಕಾರಣ ಊಹಿಸಬಾರದು, ಕೇಳಬೇಕು.

ಇನ್ನು ಲಜ್ಜೆಯ ಮಾತು. ಇದಕ್ಕೆ ‘ಹಯಾ’ ಎನ್ನುತ್ತಾರೆ, ಮನೆಯಲ್ಲಿ ಕೇಳಿರುತ್ತೀಯ. ನಮ್ಮಲ್ಲಿ ಆ ಪದವನ್ನು ಹುಡುಗಿಯರಿಗೇ ಮೀಸಲಿಟ್ಟಿದ್ದಾರೆ. ಆದರೆ ಮೂಲದಲ್ಲಿ ಹಾಗಿಲ್ಲ. ಖಿಮಾರಿನ 31ನೆಯ ವಚನಕ್ಕಿಂತ ಮುಂಚೆ 30ನೆಯ ವಚನವಿದೆ, ಅದು ಗಂಡಸರಿಗೆ. ದೃಷ್ಟಿ ತಗ್ಗಿಸಿ, ನಡತೆ ಕಾಪಾಡಿಕೊಳ್ಳಿ ಎಂದು ಅವರಿಗೆ ಮೊದಲು ಹೇಳಿ, ಆಮೇಲೆ ಅದನ್ನೇ ಹೆಂಗಸರಿಗೆ ಹೇಳುತ್ತದೆ. ಹಯಾ ಈಮಾನಿನ ಭಾಗ ಎಂಬ ಪ್ರಸಿದ್ಧ ಹದೀಸ್ ಇದೆಯಲ್ಲ, ಅದರ ಸಂದರ್ಭ ಗೊತ್ತೇ? ಒಬ್ಬ ಗಂಡಸು ತನ್ನ ಸೋದರನಿಗೆ ‘ನೀನು ಇಷ್ಟು ಸಂಕೋಚ ಪಟ್ಟುಕೊಳ್ಳಬಾರದು’ ಎಂಬಂತೆ ಬುದ್ಧಿ ಹೇಳುತ್ತಿದ್ದ. ಆ ದಾರಿಯಲ್ಲಿ ಬಂದ ಪ್ರವಾದಿಯವರು ಅವನನ್ನು ಅವನ ಪಾಡಿಗೆ ಬಿಡು ಎಂದು ಆ ಮಾತು ಹೇಳಿದರು. ಫಜ್ಲ್‌ನ ಪ್ರಸಂಗವನ್ನೂ ನೆನಪಿಸಿಕೋ. ಅಂದು ತಿರುಗಿದ್ದು ಯಾರ ಮುಖ?

ಹಯಾ ಎಂದರೆ ಬಾಯಿ ಮುಚ್ಚಿ ಮೂಲೆಯಲ್ಲಿ ಕೂರುವುದೂ ಅಲ್ಲ. ಕುರ್‌ಆನ್‌ನ 28ನೆಯ ಅಧ್ಯಾಯದಲ್ಲಿ ಒಂದು ಕಥೆ ಬರುತ್ತದೆ. ಮೂಸಾ ಅವರು ಊರು ಬಿಟ್ಟು ದಣಿದು ಮದ್ಯನ್ ಎಂಬಲ್ಲಿಗೆ ಬಂದರು. ಬಾವಿಯ ಹತ್ತಿರ ಕುರುಬರ ನೂಕುನುಗ್ಗಲು. ಇಬ್ಬರು ಹುಡುಗಿಯರು ತಮ್ಮ ಕುರಿಗಳನ್ನು ತಡೆದುಕೊಂಡು ದೂರ ನಿಂತಿದ್ದರು. ಮೂಸಾ ಅವರ ಕುರಿಗಳಿಗೆ ನೀರು ಕುಡಿಸಿಕೊಟ್ಟರು. ಸ್ವಲ್ಪ ಹೊತ್ತಿಗೆ ಇಬ್ಬರಲ್ಲಿ ಒಬ್ಬಳು ಹಯಾದಿಂದ ನಡೆದು ಬಂದು, ನಮ್ಮ ತಂದೆ ನಿಮ್ಮನ್ನು ಕರೆಯುತ್ತಿದ್ದಾರೆ, ನೀರು ಕುಡಿಸಿದ್ದಕ್ಕೆ ಪ್ರತಿಫಲ ಕೊಡುತ್ತಾರಂತೆ ಎಂದಳು. ಬಳಿಕ ಮನೆಯಲ್ಲಿ ಒಬ್ಬಳು ತಂದೆಗೆ ಸಲಹೆ ಕೊಟ್ಟಳು: ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ, ಶಕ್ತಿವಂತರು, ನಂಬಿಗಸ್ತರು ಎಂದು. ನೋಡು, ಕುರಿ ಕಾಯಲು ಹೊರಗೆ ಹೋದವರು, ಅಪರಿಚಿತನ ಹತ್ತಿರ ನೇರವಾಗಿ ಮಾತಾಡಿದವರು, ತಂದೆಗೆ ಸಲಹೆ ಕೊಟ್ಟವರು ಆ ಹುಡುಗಿಯರು. ಅವಳ ನಡಿಗೆಯನ್ನೇ ಹಯಾ ಎಂದು ಗ್ರಂಥ ಕರೆಯಿತು.

ನಿನ್ನ ಗೆಳತಿ ಕೇಳಿದ್ದು ಧರ್ಮದ ಪ್ರಶ್ನೆ. ಶಾಲೆಯ ಸಮವಸ್ತ್ರದ ಜೊತೆ ಹಾಕಬಹುದೇ ಎಂಬ ಕಾನೂನಿನ ಪ್ರಶ್ನೆ ಬೇರೆ. ನಮ್ಮ ರಾಜ್ಯದ ಹೈಕೋರ್ಟ್ 2022ರ ಮಾರ್ಚ್ 15ರಂದು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಹೇಳಿ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಒಬ್ಬರು ಆದೇಶ ಸರಿ ಎಂದರು. ಇನ್ನೊಬ್ಬರು ಹುಡುಗಿಯರ ಓದೂ ಅವರ ಆಯ್ಕೆಯೂ ದೊಡ್ಡದು, ಆದೇಶ ನಿಲ್ಲದು ಎಂದರು. ಪೀಠದಲ್ಲಿ ಅಕ್ಕಪಕ್ಕ ಕೂತವರಿಗೂ ಒಮ್ಮತ ಸಿಗಲಿಲ್ಲ.

ಈಗ ನಿನ್ನ ಗೆಳತಿಗೆ ಹೀಗೆ ಹೇಳು. ಕೂದಲು ಮುಚ್ಚಬೇಕೆಂದು ನಮ್ಮ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ, ಅಮ್ಮಿ ಅದನ್ನು ಪಾಲಿಸುತ್ತಾರೆ. ಮುಖವನ್ನೂ ಮುಚ್ಚಬೇಕೆಂದು ಕೆಲವರು ಹೇಳುತ್ತಾರೆ, ಖಾಲಾ ಅವರ ಮಾತು ನಂಬುತ್ತಾರೆ. ಈಚಿನ ಕೆಲವರು ತಲೆಬಟ್ಟೆ ಕಡ್ಡಾಯವಲ್ಲ ಎಂದು ಓದುತ್ತಾರೆ, ಫುಪ್ಪು ಆ ಕಡೆಗಿರಬಹುದು. ನಾನಿಯದು ಅವರ ಅಮ್ಮನಿಂದ ಬಂದ ಸೆರಗು. ಗುಟ್ಟು ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ.

‘ನಾನು ಯಾರ ಹಾಗೆ ಇರಬೇಕು’ ಎಂದು ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ನಾನು ಬರೆದುಕೊಡುವುದಿಲ್ಲ. ಮುಂದಿನ ಹಬ್ಬಕ್ಕೆ ನಾಲ್ವರೂ ಮತ್ತೆ ಸೇರುತ್ತಾರಲ್ಲ, ಒಬ್ಬೊಬ್ಬರ ಪಕ್ಕ ಕೂತು ‘ನೀವು ಯಾಕೆ ಹೀಗೆ?’ ಎಂದು ಕೇಳು. ಖಾಲಾಗೆ ಕೇಳಲು ಹೆದರಬೇಡ, ಫುಪ್ಪುಗೆ ಕೇಳುವಾಗ ದನಿ ಏರಿಸಬೇಡ. ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಇನ್ನೆರಡು ವರ್ಷಕ್ಕೆ ಅದನ್ನು ತೆರೆದು ಓದಿದಾಗ, ನಿನ್ನ ನಿರ್ಧಾರ ಏನೇ ಇರಲಿ, ಯಾಕೆ ಎಂದು ಯಾರಾದರೂ ಕೇಳಿದರೆ ಹೇಳಲು ನಿನ್ನದೇ ಮಾತು ಇರುತ್ತದೆ.

ನಾನಿಯ ಉತ್ತರವನ್ನು ನನಗೂ ಬರೆದು ಕಳಿಸು. ಅದನ್ನು ಕೇಳಲು ನನಗೆ ಬಹಳ ಆಸೆ.

ನಿಮ್ಮ ಆಂಟಿ